ಟುಕ್ಕಿಗೂ ಒಂದು ತಟ್ಟೆ

ಕಳೆದ ವರ್ಷ ಆಗಸ್ಟ್ ತಿಂಗಳಲ್ಲಿ ಮೊಮ್ಮಗಳ ಶಾಲೆಯ ಡೈರಿಯೊಳಗೆ ನಾಲ್ಕು ಮಡಿಕೆ ಮಾಡಿದ ಕಾಗದವೊಂದು ಬಂತು. ಎಲ್‌ಕೆಜಿ ಮಕ್ಕಳ ಮನೆಗೆಲ್ಲ ಟೀಚರ್ ಕಳಿಸಿದ ಪತ್ರ. ಫೀಸಿನ ನೆನಪೋಲೆ ಇರಬೇಕೆಂದು ಸೊಸೆ ಅದನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮೂವತ್ತೈದು ವರ್ಷ ಬ್ಯಾಂಕಿನ ಗುಮಾಸ್ತನಾಗಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂದು ಮೂರು ಊರುಗಳ ನಡುವೆಯೇ ಸುತ್ತಿದವನು ನಾನು. ಹೆಡ್ ಆಫೀಸಿನ ಸರ್ಕ್ಯುಲರ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದಿ, ಬೇಕಾದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯುವ ಅಭ್ಯಾಸ ನಿವೃತ್ತಿಯಾದರೂ ಹೋಗಿಲ್ಲ. ಈ ಪತ್ರವನ್ನೂ ಹಾಗೇ ಓದಿದೆ. ಓದಿ ಮುಗಿಸುವಾಗ ಅರ್ಧ ಪತ್ರಕ್ಕೆ ಗೆರೆ ಬಿದ್ದಿತ್ತು.

ಆ ಪತ್ರ ಬಂದ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ನಡೆದಿತ್ತು. ನಮ್ಮದು ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ ಹರಿಹರಪುರ ದಾಟಿದ ಮೇಲೆ ಒಳಗೆ ಸಿಗುವ ಒಂಟಿ ಮನೆ. ಸುತ್ತ ಅಡಿಕೆ ತೋಟ, ಮುಂದೆ ಹಳ್ಳ, ಹಳ್ಳದ ಮೇಲೆ ಕಾಲುಸಂಕ. ಪಕ್ಕದ ಮನೆ ಎಂದರೆ ಕೂಗಿದರೆ ಕೇಳಿಸದಷ್ಟು ದೂರ. ಪುಟ್ಟಿಗೆ ಆಗ ನಾಲ್ಕು ವರ್ಷ ಮೂರು ತಿಂಗಳು. ಒಬ್ಬಳೇ ಮಗು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮನೆಯಲ್ಲಿ ಹೊಸಬಳೊಬ್ಬಳು ಸೇರಿಕೊಂಡಳು. ಹೆಸರು ಟುಕ್ಕಿ. ಪುಟ್ಟಿಗೆ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ. ಟುಕ್ಕಿ ಅಟ್ಟದ ಮೆಟ್ಟಿಲ ಕೆಳಗೆ ಇರುತ್ತಾಳೆ, ಅವಳಿಗೆ ಹಸಿರು ಕೂದಲು, ಅವಳು ಉಪ್ಪಿನಕಾಯಿ ಮಾತ್ರ ತಿನ್ನುತ್ತಾಳೆ. ಇಷ್ಟು ವಿವರ ನಮಗೆ ಒಂದೇ ವಾರದಲ್ಲಿ ಸಿಕ್ಕಿತ್ತು.

ಅಜ್ಜಿಗೆ ಮಾತ್ರ ಇದು ಹಿಡಿಸಲಿಲ್ಲ. "ಕೇಳಿದ್ರಾ, ಸಂಜೆ ಹೊತ್ತು ಮಗು ಮೂಲೆ ನೋಡ್ಕೊಂಡು ನಗ್ತಿದೆ. ಗಾಳಿಗೀಳಿ ಸೋಕಿದ್ರೆ? ಒಂದು ನೂಲಾದ್ರೂ ಕಟ್ಟಿಸೋಣ" ಎಂದಳು. ಮಗ ಬೇರೆ ದಿಕ್ಕಿನಲ್ಲಿ ಹೆದರಿದ. ಶಿವಮೊಗ್ಗದಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಬೇಕೇನೋ ಎಂದು ಫೋನಿನಲ್ಲಿ ನಂಬರ್ ಹುಡುಕುತ್ತಿದ್ದ. ಸೊಸೆ, "ಮಾವ, ನೀವಾದ್ರೂ ಹೇಳಿ, ಇದು ಸುಳ್ಳು ಹೇಳೋ ಚಾಳಿಯಾಗಿಬಿಟ್ರೆ ಏನು ಗತಿ?" ಎಂದಳು. ಹೀಗೆ ಮೂವರಿಗೆ ಮೂರು ಭಯ. ಅಷ್ಟರಲ್ಲಿ ಪತ್ರ ಬಂತು.

ಟೀಚರನ್ನು ಕೇಳಿಯೇ ಅದನ್ನು ಇಲ್ಲಿ ಕೊಡುತ್ತಿದ್ದೇನೆ. "ನನ್ನ ಹೆಸರೂ ಬೇಡ, ಶಾಲೆ ಹೆಸರೂ ಬೇಡ, ವಿಷಯ ನಾಲ್ಕು ಮನೆಗೆ ಮುಟ್ಟಿದ್ರೆ ಸಾಕು" ಎಂದರು. ಮೊದಲ ಭಾಗ ಹೀಗಿತ್ತು:

"ಪ್ರಿಯ ಪೋಷಕರೇ, ನಮ್ಮ ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಇನ್ನೂ ಮೂವರು ದಿನಾ ಬರುತ್ತಾರೆ. ಒಬ್ಬ ಕಿಟಕಿಯ ಮೇಲೆ ಕೂರುವ ಪುಟಾಣಿ ಹುಲಿ, ಒಬ್ಬಳು ಹಸಿರು ಕೂದಲಿನ ಹುಡುಗಿ, ಇನ್ನೊಬ್ಬ ಯಾವಾಗಲೂ ಜ್ವರ ಬಂದಿರುವ ಅಣ್ಣ. ಇವರು ನಿಮ್ಮ ಮಕ್ಕಳ ಕಲ್ಪನೆಯ ಗೆಳೆಯರು. ಕಳೆದ ವಾರ ಇವರಲ್ಲಿ ಒಬ್ಬನ ಮಾತು ಹೇಳಿದ್ದಕ್ಕೆ ಒಂದು ಮಗುವಿಗೆ ಮನೆಯಲ್ಲಿ ಏಟು ಬಿದ್ದಿದೆ. ಸುಳ್ಳು ಹೇಳುತ್ತೀಯಾ ಎಂದು ಬೆತ್ತ ಹಿಡಿದಿದ್ದಾರೆ. ಮಗು ಎರಡು ದಿನ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಸುಳ್ಳಿಗೂ ಈ ಆಟಕ್ಕೂ ವ್ಯತ್ಯಾಸವಿದೆ. ಸುಳ್ಳು ಹೇಳುವವರು ನಾವು ನಂಬಲಿ ಎಂದು ಹೇಳುತ್ತಾರೆ. ಆಟದಲ್ಲಿ ಮಗು ನಮ್ಮನ್ನು ಸೇರಿಕೊಳ್ಳಲು ಕರೆಯುತ್ತದೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಮಾರ್ಜರಿ ಟೇಲರ್ ಎಂಬ ಮನಶ್ಶಾಸ್ತ್ರಜ್ಞೆ ಹಲವು ವರ್ಷ ಇಂಥ ಮಕ್ಕಳನ್ನು ಕೂರಿಸಿ ಮಾತಾಡಿಸಿದವರು. 1999ರಲ್ಲಿ ಇದೇ ವಿಷಯದ ಮೇಲೆ ಪುಸ್ತಕ ಬರೆದರು. ಅವರು ಗಂಭೀರವಾಗಿ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿರುವಾಗ ಎಷ್ಟೋ ಮಕ್ಕಳು ನಡುವೆ ತಡೆದು, ಇದು ಸುಮ್ಮನೆ ಆಟ, ಅವಳು ನಿಜವಾಗಿ ಇಲ್ಲ, ಗೊತ್ತಾಯಿತಲ್ಲ ಎಂದು ಅವರಿಗೇ ತಿಳಿಸಿ ಹೇಳುತ್ತಿದ್ದರಂತೆ. ದೊಡ್ಡವರು ಎಲ್ಲಿ ನಂಬಿಬಿಡುತ್ತಾರೋ ಎಂಬ ಚಿಂತೆ ಮಕ್ಕಳಿಗೆ!

ಇದು ಅಪರೂಪವೂ ಅಲ್ಲ. ಟೇಲರ್ ಮತ್ತು ಅವರ ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ವರ್ಷ ತುಂಬುವಷ್ಟರಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಮಕ್ಕಳಿಗೆ ಯಾವಾಗಲಾದರೂ ಇಂಥ ಒಬ್ಬ ಜೊತೆಗಾರ ಇದ್ದದ್ದು ಕಂಡುಬಂತು. ಪೂರಾ ಕಾಣದವರು ಮಾತ್ರವಲ್ಲ, ಹೆಸರಿಟ್ಟು, ಸ್ವಭಾವ ಕೊಟ್ಟು, ಜೀವವಿದ್ದಂತೆ ನಡೆಸಿಕೊಳ್ಳುವ ಗೊಂಬೆಗಳೂ ಆ ಲೆಕ್ಕದಲ್ಲಿ ಸೇರಿವೆ. ಅದು ಬೇರೆ ದೇಶದ ಲೆಕ್ಕ, ನಮ್ಮ ಮಲೆನಾಡಿನದಲ್ಲ. ಆದರೆ ಇಪ್ಪತ್ತೆರಡರಲ್ಲಿ ಮೂವರನ್ನು ನೋಡಿ ಹೆದರಬೇಕಾಗಿಲ್ಲ ಎನ್ನಲು ಅಷ್ಟು ಸಾಕು."

ಇಲ್ಲಿಗೆ ಬಂದಾಗ ನಾನು ಪತ್ರ ಕೆಳಗಿಟ್ಟು ಶೃಂಗೇರಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗಳಿಗೆ ಫೋನ್ ಮಾಡಿದೆ. ಅಕ್ಕನಿಗೆ ಈಗ ಎಪ್ಪತ್ತೆಂಟು. ನಾವು ಹನ್ನೆರಡು ಮಕ್ಕಳು ಒಂದೇ ಮನೆಯಲ್ಲಿ ಬೆಳೆದವರು. ಆ ಗದ್ದಲದಲ್ಲೂ ಅವಳು ಹಳೇ ಕಡಗೋಲೊಂದಕ್ಕೆ ಟವೆಲ್ ಸುತ್ತಿ, ಬೊಟ್ಟಿಟ್ಟು, ಅದಕ್ಕೆ ದಿನಾ ಬಚ್ಚಲಲ್ಲಿ ನೀರು ಹಾಕುತ್ತಿದ್ದಳು. ಕಡಗೋಲಿಗೆ ತಲೆನೋವು ಬಂದರೆ ನಮಗೆ ಯಾರಿಗೂ ಗಟ್ಟಿಯಾಗಿ ಮಾತಾಡಲು ಬಿಡುತ್ತಿರಲಿಲ್ಲ. "ಅಕ್ಕಾ, ಕಡಗೋಲು ನೆನಪಿದೆಯಾ?" ಎಂದು ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಗಂಗಕ್ಕ ಅಲ್ವೇನೋ ಅದು!" ಎಂದು ನಕ್ಕಳು. ಯಾವಾಗ, ಹೇಗೆ ಅದನ್ನು ಬಿಟ್ಟೆ ಎಂಬುದು ಮಾತ್ರ ಅವಳಿಗೆ ನೆನಪಿಲ್ಲ. ಅವಳು ಮುಂದೆ ಮೂವರು ಮಕ್ಕಳನ್ನು ಬೆಳೆಸಿ, ಅಂಗಡಿಯ ಲೆಕ್ಕ ಬರೆದು, ಇವತ್ತಿಗೂ ಬಾಯಿಲೆಕ್ಕದಲ್ಲಿ ನನ್ನನ್ನು ಸೋಲಿಸುತ್ತಾಳೆ. ಆ ಕಾಲದಲ್ಲಿ ಹನ್ನೆರಡು ಮಕ್ಕಳಲ್ಲಿ ಒಂದು ಏನು ಮಾತಾಡುತ್ತಿದೆ ಎಂದು ಕಿವಿಗೊಡಲು ದೊಡ್ಡವರಿಗೆ ಪುರಸೊತ್ತು ಇರಲಿಲ್ಲ. ಈಗ ಒಂದು ಮಗುವಿಗೆ ನಾಲ್ಕು ಜನ ಕಾವಲು. ಎಲ್ಲವೂ ಕೇಳಿಸುತ್ತದೆ.

ಪತ್ರದ ಎರಡನೆಯ ಭಾಗ 'ನಾಲ್ಕು ವರ್ಷಕ್ಕೇ ಏಕೆ?' ಎಂಬುದು. ನನಗೆ ಬಹಳ ಹಿಡಿಸಿದ್ದು ಇದು.

"ಒಂದೂವರೆ, ಎರಡು ವರ್ಷದ ಮಗು ಬಾಳೆಹಣ್ಣನ್ನು ಕಿವಿಗೆ ಹಿಡಿದು ಹಲೋ ಎನ್ನುತ್ತದೆ. ಅಲ್ಲಿ ಕೈಯಲ್ಲಿ ಹಣ್ಣಾದರೂ ಇರಬೇಕು. ಮೂರು ವರ್ಷದ ಹೊತ್ತಿಗೆ ಬರಿಗೈಯೇ ಸಾಕು. ನಾಲ್ಕರ ಹೊತ್ತಿಗೆ ಒಂದು ದೊಡ್ಡ ತಿಳಿವಳಿಕೆ ಬರುತ್ತದೆ: ನನ್ನ ತಲೆಯಲ್ಲಿ ಇರುವುದು ಬೇರೆ, ಅಮ್ಮನ ತಲೆಯಲ್ಲಿ ಇರುವುದು ಬೇರೆ. ಈ ತಿಳಿವಳಿಕೆ ಬಂದ ಮಗುವಿಗೆ ತನ್ನದಲ್ಲದ ಒಂದು ಮನಸ್ಸನ್ನು ಕಟ್ಟಿ ನಿಲ್ಲಿಸಲು ಸಾಧ್ಯ. ಟೇಲರ್ ಮತ್ತು ಸ್ಟೆಫನಿ ಕಾರ್ಲ್‌ಸನ್ 1997ರಲ್ಲಿ ಮೂರು, ನಾಲ್ಕು ವರ್ಷದ 152 ಮಕ್ಕಳನ್ನು ನೋಡಿದರು. ನಾಲ್ಕು ವರ್ಷದವರಲ್ಲಿ ಕಲ್ಪನೆಯ ಆಟ ಹೆಚ್ಚು ಆಡುವವರು ಬೇರೆಯವರ ಮನಸ್ಸನ್ನು ಊಹಿಸುವುದರಲ್ಲಿ ಸ್ವಲ್ಪ ಮುಂದಿದ್ದರು. ಸ್ವಲ್ಪ ಎಂದು ಬೇಕೆಂದೇ ಬರೆದಿದ್ದೇನೆ. ಆಟದಿಂದ ಬುದ್ಧಿ ಬಂತೋ, ಬುದ್ಧಿ ಇದ್ದುದರಿಂದ ಆಟ ಬಂತೋ ಎಂದು ಇದರಿಂದ ಹೇಳಲಾಗುವುದಿಲ್ಲ. ಹಾಗಾಗಿ ಇಂಥ ಗೆಳೆಯ ಇಲ್ಲದ ಮಗುವಿನ ಪೋಷಕರು ಕೊರಗಬೇಡಿ. ನಾಚಿಕೆಯ ಮಕ್ಕಳಿಗೆ, ಗೆಳೆಯರಿಲ್ಲದವರಿಗೆ ಮಾತ್ರ ಹೀಗಾಗುತ್ತದೆ ಎಂಬುದೂ ಸರಿಯಲ್ಲ. ಮೊದಲ ಮಗು, ಒಂದೇ ಮಗು ಇರುವ ಕಡೆ ಹೆಚ್ಚು ಕಾಣುತ್ತದೆ, ಅಷ್ಟೆ. ಅವರಿಗೆ ಒಬ್ಬರೇ ಇರುವ ಹೊತ್ತು ಹೆಚ್ಚು ಸಿಗುತ್ತದೆ."

ಅಮ್ಮನ ತಲೆಯಲ್ಲಿ ಇರುವುದು ಬೇರೆ ಎಂಬ ಮಾತನ್ನು ಪರೀಕ್ಷಿಸುವ ಬಗೆಯನ್ನೂ ಟೀಚರ್ ಬರೆದಿದ್ದರು. 1983ರಲ್ಲಿ ವಿಮರ್ ಮತ್ತು ಪೆರ್ನರ್ ಎಂಬ ಇಬ್ಬರು ಚಾಕಲೇಟ್ ಇಟ್ಟುಕೊಂಡು ಮಾಡಿದ ಪ್ರಯೋಗವಂತೆ. ನಾನು ಬೆಲ್ಲ ಇಟ್ಟುಕೊಂಡು ಮಾಡಿದೆ. ಮಕ್ಕಳೇ, ನಿಮ್ಮ ಮನೆಯಲ್ಲಿ ಮೂರು, ನಾಲ್ಕು ವರ್ಷದ ತಮ್ಮನೋ ತಂಗಿಯೋ ಇದ್ದರೆ ನೀವೂ ಮಾಡಿ ನೋಡಬಹುದು.

ಅಡುಗೆಮನೆಯಲ್ಲಿ ಪುಟ್ಟಿ ನೋಡುತ್ತಿರುವಂತೆಯೇ ಸೊಸೆ ಒಂದು ಅಚ್ಚು ಬೆಲ್ಲವನ್ನು ಕೆಂಪು ಮುಚ್ಚಳದ ಡಬ್ಬಿಯಲ್ಲಿ ಇಟ್ಟು ಕೊಟ್ಟಿಗೆಗೆ ಹೋದಳು. ನಾನು ಅದನ್ನು ತೆಗೆದು ಸ್ಟೀಲಿನ ಪಾತ್ರೆಯೊಳಗೆ ಹಾಕಿ ಮುಚ್ಚಿದೆ. ಪುಟ್ಟಿ ಇದನ್ನೂ ನೋಡಿದಳು. ಆಮೇಲೆ ಕೇಳಿದೆ: "ಅಮ್ಮ ಬಂದು ಬೆಲ್ಲಕ್ಕೆ ಎಲ್ಲಿ ಕೈ ಹಾಕ್ತಾಳೆ?" ಇದೇ ಪ್ರಶ್ನೆಯನ್ನು ಹಿಂದಿನ ದಿನ ತೋಟದ ಕೆಲಸಕ್ಕೆ ಬರುವವರ ಮೂರು ವರ್ಷದ ಹುಡುಗನಿಗೂ ಕೇಳಿದ್ದೆ. ಅವನು ತಡಮಾಡದೆ ಸ್ಟೀಲಿನ ಪಾತ್ರೆ ತೋರಿಸಿದ್ದ. ಬೆಲ್ಲ ಅಲ್ಲಿರುವುದು ಅವನಿಗೆ ಗೊತ್ತು, ಅವನಿಗೆ ಗೊತ್ತಿರುವುದು ಲೋಕಕ್ಕೆಲ್ಲ ಗೊತ್ತು! ಆ ವಯಸ್ಸಿಗೆ ಅದೇ ಸರಿಯಾದ ಉತ್ತರವಂತೆ. ಪುಟ್ಟಿ ಸ್ವಲ್ಪ ಯೋಚಿಸಿ ಕೆಂಪು ಡಬ್ಬಿ ತೋರಿಸಿದಳು. "ಅಮ್ಮ ನೋಡಿಲ್ವಲ್ಲ ಅಜ್ಜ, ಪಾಪ, ಡಬ್ಬೀಲೇ ಹುಡುಕ್ತಾಳೆ" ಎಂದಳು. "ಟುಕ್ಕಿ ಎಲ್ಲಿ ಹುಡುಕ್ತಾಳೆ?" ಎಂದೆ. "ಅವಳು ಮೆಟ್ಟಿಲ ಕೆಳಗೆ ಮಲಗಿದಾಳೆ. ಅವಳಿಗೆ ಬೆಲ್ಲದ ವಿಷ್ಯನೇ ಗೊತ್ತಿಲ್ಲ. ಹೇಳ್ಬೇಡ."

ಅಂದರೆ ಟುಕ್ಕಿಯ ತಲೆಯಲ್ಲಿ ಏನಿದೆ, ಏನಿಲ್ಲ ಎಂಬ ಲೆಕ್ಕವನ್ನೂ ಪುಟ್ಟಿ ಇಟ್ಟಿದ್ದಾಳೆ. ಬ್ಯಾಂಕಿನಲ್ಲಿ ನಾವು ಬೇರೆ ಬೇರೆ ಖಾತೆಗೆ ಬೇರೆ ಬೇರೆ ಲೆಡ್ಜರ್ ಪುಟ ತೆರೆಯುತ್ತಿದ್ದೆವು. ಒಬ್ಬರ ದುಡ್ಡು ಇನ್ನೊಬ್ಬರ ಪುಟಕ್ಕೆ ಹೋಗಬಾರದು. ನಾಲ್ಕು ವರ್ಷದ ಮಗು ಅಮ್ಮನಿಗೊಂದು, ಅಜ್ಜನಿಗೊಂದು, ಇಲ್ಲದ ಹುಡುಗಿಗೊಂದು ಪುಟ ತೆರೆದು ಕೂತಿತ್ತು.

ಇನ್ನೊಂದು ದಿನ ಬೆಳಗ್ಗೆ ನಾನೇ ಟುಕ್ಕಿಗೆಂದು ಒಂದು ತಟ್ಟೆ ಇಟ್ಟು ಬಿಸಿ ದೋಸೆ ಹಾಕಿದೆ. ಪುಟ್ಟಿ ನನ್ನನ್ನು ದಿಟ್ಟಿಸಿ ನೋಡಿದಳು. "ಅಜ್ಜ, ಅವಳಿಗೆ ನಿಜದ ದೋಸೆ ಯಾಕೆ ಹಾಕ್ದೆ? ಸುಮ್ಸುಮ್ನೆ ದೋಸೆ ಹಾಕು. ಇದು ನಂಗೆ." ಇಷ್ಟು ಹೇಳಿ ಆ ದೋಸೆಯನ್ನೂ ತಿಂದು ಮುಗಿಸಿದಳು. ಮಗು ನಿಜಕ್ಕೂ ಕಲ್ಪನೆಗೂ ವ್ಯತ್ಯಾಸ ತಿಳಿಯದೆ ಗೊಂದಲಪಟ್ಟಿದೆಯೇ ಎಂಬ ಮಗನ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಿತು. ಅವನು ಹುಡುಕಿದ್ದ ಫೋನ್ ನಂಬರನ್ನು ಆ ಮೇಲೆ ತೆಗೆಯಲಿಲ್ಲ.

ಅಜ್ಜಿಯ ಭಯ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಅವಳ ಕಾಲದಲ್ಲಿ ಕಾಣದವರ ಹೆಸರು ಹೇಳಿದರೆ ಗಾಳಿ, ಇಲ್ಲವೇ ಹಿಂದಿನ ಜನ್ಮದ ನೆನಪು. ಈ ಎರಡೇ ಕಪಾಟು. ನಾನು ಅವಳಿಗೆ ಗುಮ್ಮನ ವಿಷಯ ಎತ್ತಿದೆ. ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ ಎಂದು ಮಗನನ್ನು ಇವಳೇ ಹೆದರಿಸಿದವಳು. ಬಾಲಕೃಷ್ಣನೇ ಗುಮ್ಮನ ಹೆಸರಿಗೆ ಹೆದರಿ ತಾಯಿಯ ಹತ್ತಿರ ಅಂಗಲಾಚುವ ಕೀರ್ತನೆಯನ್ನು ಪುರಂದರದಾಸರು ಮಾಡಿದ್ದಾರೆ. "ಗುಮ್ಮನ್ನ ನಾವು ದೊಡ್ಡವರೇ ಹುಟ್ಟಿಸಿ ಮಗುವಿನ ಮೇಲೆ ಬಿಟ್ವಿ. ಟುಕ್ಕೀನ ಮಗು ತಾನೇ ಹುಟ್ಟಿಸ್ಕೊಂಡಿದೆ. ಯಾರಿಗೆ ನೂಲು ಕಟ್ಟಿಸ್ಬೇಕು ಹೇಳು?" ಎಂದೆ. ಉತ್ತರ ಕೊಡದೆ ಎದ್ದು ಹೋದಳು. ಆದರೆ ಮಾರನೇ ದಿನದಿಂದ ಉಪ್ಪಿನಕಾಯಿ ಭರಣಿ ಮುಚ್ಚುವಾಗ "ಟುಕ್ಕಿಗೆ ಆಯ್ತೇನೇ?" ಎಂದು ಕೇಳಲು ಶುರುಮಾಡಿದಳು.

ಟೀಚರ್ ತಮ್ಮ ಪತ್ರದಲ್ಲಿ ಪಿಯಾಜೆ ಎಂಬ ಸ್ವಿಟ್ಜರ್ಲೆಂಡಿನ ಪಂಡಿತರನ್ನೂ ನೆನೆದಿದ್ದರು. ಮಕ್ಕಳ ಬುದ್ಧಿ ಹೇಗೆ ಬೆಳೆಯುತ್ತದೆ ಎಂದು ತಮ್ಮದೇ ಮೂವರು ಮಕ್ಕಳನ್ನು ನೋಡಿ ನೋಡಿ ಬರೆದಿಟ್ಟವರು ಅವರು. ಅವರ ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ಹಕ್ಕಿಯಂತಿದ್ದರೂ ಹಕ್ಕಿಯಲ್ಲದ ಒಂದು ವಿಚಿತ್ರ ಪ್ರಾಣಿ ಜೊತೆಯಾಗಿತ್ತಂತೆ. ಹೊಸದನ್ನು ಕಲಿಯುವಾಗ ಅದು ಅವಳಿಗೆ ಸಹಾಯ ಮಾಡುತ್ತಿತ್ತು, ಹೇಳಿದ ಮಾತು ಕೇಳಲು ಧೈರ್ಯ ಕೊಡುತ್ತಿತ್ತು, ಅತ್ತಾಗ ಸಮಾಧಾನ ಮಾಡುತ್ತಿತ್ತು. ಆಮೇಲೆ ಮಾಯವಾಯಿತು. ಅಷ್ಟು ದೊಡ್ಡ ಪಂಡಿತರ ಮನೆಯಲ್ಲೂ ಒಂದು ಟುಕ್ಕಿ ಇತ್ತೆಂದು ಓದಿ ನನಗೆ ಖುಷಿಯಾಯಿತು.

ಪತ್ರದ ಮೂರನೆಯ ಭಾಗ ಮನೆಯವರು ಹೇಗಿರಬೇಕು ಎಂಬುದು.

"ಬೈಯಬೇಡಿ, ನೆಂಟರ ಮುಂದೆ ನಗೆಪಾಟಲು ಮಾಡಬೇಡಿ. ಹಾಗೆಂದು ಆಟವನ್ನು ನೀವೇ ಕೈಗೆ ತೆಗೆದುಕೊಳ್ಳಲೂ ಬೇಡಿ. 'ಹಾಲು ಕುಡಿಯದಿದ್ದರೆ ನಿನ್ನ ಹುಲಿ ಕಾಡಿಗೆ ಹೋಗುತ್ತಂತೆ' ಎಂದು ಹೇಳಿದರೆ ಹುಲಿ ನಿಮ್ಮದಾಗುತ್ತದೆ, ಮಗುವಿನದಾಗಿ ಉಳಿಯುವುದಿಲ್ಲ. ಅದು ಕರೆದಷ್ಟು ದೂರ ಹೋಗಿ, ಕರೆಯದಿದ್ದರೆ ಸುಮ್ಮನಿರಿ. ಮಾಡಿದ ತಪ್ಪನ್ನು ಗೆಳೆಯನ ತಲೆಗೆ ಕಟ್ಟಿದರೆ, ಅವನು ಇದ್ದಾನೋ ಇಲ್ಲವೋ ಎಂಬ ವಾದಕ್ಕೆ ಇಳಿಯಬೇಡಿ. ಮನೆಯ ನಿಯಮ ಇಬ್ಬರಿಗೂ ಒಂದೇ ಎಂದು ಹೇಳಿ ಕೆಲಸ ಮಾಡಿಸಿ."

ಇದು ನಮ್ಮಲ್ಲಿ ಒಮ್ಮೆ ಚೆನ್ನಾಗಿ ಉಪಯೋಗಕ್ಕೆ ಬಂತು. ಜಗುಲಿಯಲ್ಲಿ ಮೊಸರಿನ ಪಾತ್ರೆ ಮಗುಚಿ ಬಿದ್ದಿತ್ತು. "ನಾನಲ್ಲ, ಟುಕ್ಕಿ ಚೆಲ್ಲಿದ್ದು" ಎಂದಳು ಪುಟ್ಟಿ. ಸೊಸೆ ಸಿಟ್ಟಾಗದೆ ಎರಡು ಒರೆಸುವ ಬಟ್ಟೆ ತಂದಳು. "ಹೌದಾ? ಹಾಗಾದ್ರೆ ಅವಳಿಗೆ ಒಂದು, ನಿನಗೆ ಒಂದು. ಇಬ್ಬರೂ ಸೇರಿ ಒರೆಸಿ." ಪುಟ್ಟಿ ತನ್ನ ಬಟ್ಟೆಯಲ್ಲಿ ಒರೆಸಿದಳು, ಟುಕ್ಕಿಯ ಬಟ್ಟೆಯಲ್ಲೂ ತಾನೇ ಒರೆಸಿದಳು. "ಇವಳಿಗೆ ಒರೆಸೋಕೆ ಬರೋದೇ ಇಲ್ಲ" ಎಂದು ಗೊಣಗಿದಳು. ಅಂದಿನಿಂದ ಟುಕ್ಕಿ ಏನನ್ನೂ ಚೆಲ್ಲಿಲ್ಲ.

ಈಗ ಪತ್ರದ ಕೊನೆಯ ಭಾಗ. ಗೆರೆಯಲ್ಲ, ಅದರ ಸುತ್ತ ಚೌಕವನ್ನೇ ಹಾಕಿದ್ದೇನೆ.

"ಈ ಗೆಳೆಯರ ಬಾಯಲ್ಲಿ ಮಗು ತನಗೆ ನೇರವಾಗಿ ಹೇಳಲಾಗದ್ದನ್ನು ಹೇಳಿಸುತ್ತದೆ. ಆದ್ದರಿಂದ ಗೆಳೆಯ ಅಳುತ್ತಿದ್ದಾನೆ, ಹೆದರಿದ್ದಾನೆ, ಅವನಿಗೆ ಯಾರೋ ನೋವು ಮಾಡಿದರು ಎಂದರೆ ತಳ್ಳಿಹಾಕಬೇಡಿ. ಏಕೆ ಅಳುತ್ತಿದ್ದಾನೆ, ಎಲ್ಲಿ ನಡೆಯಿತು ಎಂದು ಮೆಲ್ಲಗೆ ಕೇಳಿ. ಉತ್ತರವನ್ನು ನೀವೇ ಬಾಯಿಗೆ ತುಂಬಬೇಡಿ.

ಎಲ್ಲ ಸಂದರ್ಭವೂ ಆಟವಲ್ಲ. ಮಗುವಿಗೆ ಆ ಗೆಳೆಯನೆಂದರೆ ಭಯವಾಗಿ, ಅವನನ್ನು ಕಳಿಸಲು ತನ್ನಿಂದ ಆಗುವುದಿಲ್ಲ ಎಂದು ನಿಜವಾಗಿ ನಡುಗುತ್ತಿದ್ದರೆ, ಅವನ ಮಾತು ಕೇಳಿ ತನಗೋ ಇತರರಿಗೋ ಪೆಟ್ಟು ಮಾಡುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಮೊದಲು ಬೆರೆಯುತ್ತಿದ್ದ ಮಕ್ಕಳ ಜೊತೆ ಆಡುವುದನ್ನೇ ಬಿಟ್ಟಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಗೆಳೆಯ ಹೇಳಿದ ಮಾತು ಕೇಳುವುದಿಲ್ಲ, ಜಗಳ ಆಡುತ್ತಾನೆ ಎಂದು ಮಗು ದೂರಿದರೆ ಅಷ್ಟಕ್ಕೇ ಗಾಬರಿ ಬೇಡ. ಆರೋಗ್ಯವಂತ ಮಕ್ಕಳ ಗೆಳೆಯರಲ್ಲೂ ಅಂಥ ತುಂಟರು ಬೇಕಾದಷ್ಟಿದ್ದಾರೆ. ನೋಡಬೇಕಾದ್ದು ಒಟ್ಟಿನಲ್ಲಿ ಮಗು ಹೇಗಿದೆ ಎಂಬುದನ್ನು. ಇಂತಿ, ನಿಮ್ಮ ಮಕ್ಕಳ ಟೀಚರ್."

ಪತ್ರ ಬಂದು ಹತ್ತು ದಿನವಾಗಿರಬಹುದು. ಬೆಳಗ್ಗೆ ಎಂಟಕ್ಕೆ ವ್ಯಾನು ಹಳ್ಳದ ಆಚೆ ರಸ್ತೆಗೆ ಬರುತ್ತದೆ. ಹೊರಡುವ ಹೊತ್ತಿಗೆ ಪುಟ್ಟಿ ಶೂ ಹಾಕಿಕೊಂಡು ಜಗುಲಿಯಲ್ಲೇ ಕೂತುಬಿಟ್ಟಳು. "ಟುಕ್ಕಿ ಬರಲ್ಲ ಅಂತಾಳೆ. ಅವಳು ಬರದಿದ್ರೆ ನಾನೂ ಹೋಗಲ್ಲ." ಮಗ ಆಗಲೇ ಗಡಿಯಾರ ನೋಡುತ್ತಿದ್ದ. ಹಿಂದಿನ ದಿನವೂ ಇದೇ ಹಠ ನಡೆದು, ಅವನು ಅವಳನ್ನು ಎತ್ತಿಕೊಂಡೇ ಹೋಗಿ ವ್ಯಾನಿಗೆ ಬಿಟ್ಟುಬಂದಿದ್ದ. ಅಂದೂ ಹಾಗೇ ಎತ್ತಲು ಬಗ್ಗಿದವನನ್ನು ಸೊಸೆ ತಡೆದಳು. ಕೆಳಗೆ ಕೂತು, "ಟುಕ್ಕಿ ಯಾಕೆ ಬರಲ್ವಂತೆ?" ಎಂದು ಕೇಳಿದಳು.

"ಅವಳ ಕಾಲು ಸಿಕ್ಕಿಹಾಕ್ಕೊಂತು."

"ಎಲ್ಲಿ?"

"ಸಂಕದಲ್ಲಿ. ಕೆಳಗೆ ನೀರು ಕಾಣುತ್ತೆ. ಅವಳ ಚಪ್ಪಲಿ ಬಿತ್ತು."

ಸೊಸೆ ನನ್ನ ಮುಖ ನೋಡಿದಳು. ನಾನು ಕೊಡೆ ತೆಗೆದುಕೊಂಡು ಸಂಕದ ಹತ್ತಿರ ಹೋದೆ. ನಮ್ಮದು ಅಡಿಕೆ ಮರದ ದಬ್ಬೆಗಳನ್ನು ಹಾಸಿ ಕಟ್ಟಿದ ಹಳೇ ಸಂಕ. ಒಂದು ಕಡೆ ಮಾತ್ರ ಹಿಡಿಯಲು ಬಿದಿರಿನ ಕೈಗಳ. ಅದೂ ದೊಡ್ಡವರ ಎತ್ತರಕ್ಕೆ. ನಾವು ದಿನಾ ಓಡಾಡುವವರು, ದೊಡ್ಡ ಹೆಜ್ಜೆ ಹಾಕುವವರು. ಯಾವ ದಬ್ಬೆ ಹೇಗಿದೆ ಎಂದು ಬಗ್ಗಿ ನೋಡಿದವರಿಲ್ಲ. ನಡುವಿಗೆ ಹೋಗಿ ಬಗ್ಗಿದೆ. ಒಂದು ದಬ್ಬೆ ಮಳೆಗೆ ನೆನೆದು ಕುಂಬಾಗಿ, ಮೊಳೆ ಕಳಚಿ, ಪಕ್ಕದ್ದರಿಂದ ಸರಿದಿತ್ತು. ನಡುವಿನ ಸಂದು ನನ್ನ ಅಂಗೈ ಅಗಲ. ನನ್ನ ಪಾದ ಅದರ ಮೇಲೆ ದಾಟಿಹೋಗುತ್ತದೆ. ನಾಲ್ಕು ವರ್ಷದ ಪಾದ ನೇರ ಒಳಗಿಳಿಯುತ್ತದೆ. ಕೆಳಗೆ ಆಗಸ್ಟಿನ ಹಳ್ಳ, ಕೆಂಪು ನೀರು, ಅದು ಮುಂದೆ ಹೋಗಿ ಸೇರುವುದು ತುಂಗೆಗೆ.

ಬಿದ್ದ ಚಪ್ಪಲಿ ಟುಕ್ಕಿಯದಾಗಿರಲಿಲ್ಲ. ಮೂರು ದಿನದಿಂದ ಪುಟ್ಟಿಯ ನೀಲಿ ಚಪ್ಪಲಿ ಒಂದೇ ಇದ್ದುದನ್ನು ಅಜ್ಜಿ ಆಮೇಲೆ ನೆನಪಿಸಿಕೊಂಡಳು. ನಾಯಿ ಕಚ್ಚಿಕೊಂಡು ಹೋಗಿರಬೇಕೆಂದು ಎಲ್ಲರೂ ಅಂದುಕೊಂಡಿದ್ದೆವು. ಚಪ್ಪಲಿ ಕಳೆದರೆ ಬೈಗುಳ ಬೀಳುತ್ತದೆ ಎಂದು ಮಗು ಬಾಯಿ ಬಿಟ್ಟಿರಲಿಲ್ಲ. ಟುಕ್ಕಿಗೆ ಯಾರು ಬೈಯುತ್ತಾರೆ?

ಆ ದಿನ ಮಗ ಕೆಲಸಕ್ಕೆ ಹೋಗಲಿಲ್ಲ. ಕುಂಬಾದ ದಬ್ಬೆ ಕಿತ್ತು, ಹೊಸ ದಬ್ಬೆ ಸೀಳಿ, ಸಂದು ಉಳಿಯದಂತೆ ಅಡ್ಡಪಟ್ಟಿ ಕೊಟ್ಟು ಮೊಳೆ ಹೊಡೆದ. ಕೈಗಳದ ಕೆಳಗೆ ಪುಟ್ಟಿಯ ಎದೆಯ ಎತ್ತರಕ್ಕೆ ಇನ್ನೊಂದು ಬಿದಿರು ಕಟ್ಟಿದ. ಎರಡೂ ಬದಿಗೆ. ಸಂಜೆ ಪುಟ್ಟಿಯನ್ನು ಕರೆದುಕೊಂಡು ಹೋಗಿ ತೋರಿಸಿ, "ಟುಕ್ಕಿಗೆ ಸರಿ ಇದೆಯಾ ಕೇಳು" ಎಂದ. ಅವಳು ಸಂಕದ ಈ ತುದಿಯಿಂದ ಆ ತುದಿಗೆ ಬಗ್ಗಿ ನೋಡುತ್ತಾ ಹೋದಳು. ಬ್ರ್ಯಾಂಚಿಗೆ ಬಂದ ಇನ್‌ಸ್ಪೆಕ್ಟರು ಕ್ಯಾಷ್ ಎಣಿಸುವ ಗತ್ತು. ಆಚೆ ನಿಂತು, "ಸರಿ ಇದೆಯಂತೆ. ಆದ್ರೆ ಅಪ್ಪ ನೀನು ಮೊದಲು ಬರ್ಬೇಕಂತೆ" ಎಂದಳು. ಮರುದಿನದಿಂದ ಎಂಟು ಗಂಟೆಯ ಹಠ ನಿಂತಿತು.

ಪುಟ್ಟಿ ಈಗ ಯುಕೆಜಿ. ವ್ಯಾನಿನಲ್ಲಿ ಪಕ್ಕ ಕೂರುವ ಗೆಳತಿಯೊಬ್ಬಳು ಸಿಕ್ಕಿದ್ದಾಳೆ, ಅವಳ ಮಾತೇ ಮನೆಯಲ್ಲಿ ಹೆಚ್ಚು. ನನ್ನ ಬ್ಯಾಂಕಿನ ಕಥೆಗಳನ್ನೂ ಮಳೆಗಾಲದಲ್ಲಿ ಕೇಳುತ್ತಾಳೆ. ಯಾವ ಊರಿನಿಂದ ಯಾವ ಊರಿಗೆ ವರ್ಗವಾಯಿತು, ಟ್ರಂಕು ಹೊತ್ತುಕೊಂಡು ಯಾವ ಬಸ್ಸಿನಲ್ಲಿ ಹೋದೆ, ಎಲ್ಲವೂ ಬೇಕು. ಮೊನ್ನೆ ಊಟಕ್ಕೆ ಕೂತಾಗ ಅಜ್ಜಿ ಅಭ್ಯಾಸಬಲದಿಂದ ಭರಣಿ ಮುಚ್ಚುವ ಮೊದಲು, "ಟುಕ್ಕಿಗೆ ಆಯ್ತೇನೇ?" ಎಂದಳು.

ಪುಟ್ಟಿ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ಅವಳು ಇಲ್ಲ ಅಜ್ಜಿ. ಅವಳಿಗೆ ಎನ್.ಆರ್.ಪುರಕ್ಕೆ ಟ್ರಾನ್ಸ್‌ಫರ್ ಆಯ್ತು."